ರೇಷಿಯೋ ಸ್ಪ್ರೆಡ್: ಬೆನ್ನಿಗೆ ಏನೂ ಇಲ್ಲದ ಆ ಇನ್ನೊಂದು ಕಾಲ್

ಆಪ್ಷನ್ ಟ್ರೇಡಿಂಗ್ ಆ್ಯಪ್‌ಗಳಲ್ಲಿ ಈಗ ಸಿದ್ಧ ಸ್ಟ್ರಾಟೆಜಿಗಳ ಪಟ್ಟಿಯೇ ಇರುತ್ತದೆ. ಒಂದನ್ನು ಒತ್ತಿದರೆ ಸಾಕು, ಎಲ್ಲ ಆರ್ಡರ್‌ಗಳೂ ಒಟ್ಟಿಗೆ ಹೋಗುತ್ತವೆ. ಆ ಪಟ್ಟಿಯಲ್ಲಿ ಹೊಸಬರ ಕಣ್ಣಿಗೆ ಬೇಗ ಬೀಳುವುದು ರೇಷಿಯೋ ಸ್ಪ್ರೆಡ್. ಕೈಯಿಂದ ದುಡ್ಡು ಹಾಕಬೇಕಾಗಿಲ್ಲ, ಬದಲಿಗೆ ಮೊದಲ ದಿನವೇ ಸ್ವಲ್ಪ ಹಣ ಖಾತೆಗೆ ಬರುತ್ತದೆ. ಮಾರ್ಕೆಟ್ ಬಿದ್ದರೂ ಆ ಹಣ ನಮ್ಮದೇ. ನಿಧಾನಕ್ಕೆ ಏರಿದರೆ ಒಳ್ಳೆಯ ಲಾಭ. ಜೋರಾಗಿ ಏರಿದರೆ ಮಾತ್ರ ನಷ್ಟ.

ಆ ‘ಜೋರಾಗಿ ಏರಿದರೆ ಮಾತ್ರ’ ಅನ್ನುವ ಜಾಗದಲ್ಲಿ ನಷ್ಟಕ್ಕೆ ಮಿತಿಯೇ ಇಲ್ಲ. ಅದು ಹೇಗೆ ಅನ್ನುವುದನ್ನು ಮೊದಲಿನಿಂದ ನೋಡೋಣ.

ಮೊದಲು ಒಂದು ಸೈಟಿನ ಲೆಕ್ಕ

ಕಾಲ್ ಆಪ್ಷನ್ ಅಂದರೆ ಒಂದು ಹಕ್ಕು. ಗೊತ್ತಾದ ದಿನದಂದು, ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು. ಆ ಬೆಲೆಯನ್ನು ಸ್ಟ್ರೈಕ್ ಅನ್ನುತ್ತಾರೆ, ದಿನವನ್ನು ಎಕ್ಸ್‌ಪೈರಿ ಅನ್ನುತ್ತಾರೆ. ಹಕ್ಕಿಗಾಗಿ ಕೊಡುವ ಹಣ ಪ್ರೀಮಿಯಂ. ಕಾಲ್ ಕೊಂಡವರಿಗೆ ಹಕ್ಕು ಇರುತ್ತದೆ, ಬೇಡ ಅನಿಸಿದರೆ ಬಿಡಬಹುದು. ಕಾಲ್ ಮಾರಿದವರಿಗೆ ಆ ಆಯ್ಕೆ ಇಲ್ಲ. ಕೊಂಡವರು ಕೇಳಿದರೆ ಕೊಡಲೇಬೇಕು.

ಇದನ್ನು ಸೈಟಿನ ವ್ಯವಹಾರದಂತೆ ನೋಡಿ. ಒಂದು ಸೈಟನ್ನು 37 ಲಕ್ಷಕ್ಕೆ ಕೊಳ್ಳುವ ಹಕ್ಕನ್ನು ನೀವು ಮಾಲೀಕರಿಂದ ಪಡೆದಿದ್ದೀರಿ. ಅದಕ್ಕೆ ಒಂದೂವರೆ ಲಕ್ಷ ಕೊಟ್ಟಿದ್ದೀರಿ, ಅದು ವಾಪಸ್ ಬರುವುದಿಲ್ಲ. ಆಮೇಲೆ ಇಬ್ಬರಿಗೆ ಮಾತು ಕೊಡುತ್ತೀರಿ: ‘ನೀವು ಕೇಳಿದರೆ ಅದೇ ಬಡಾವಣೆಯಲ್ಲಿ, ಅಷ್ಟೇ ಅಳತೆಯ ಸೈಟನ್ನು 39 ಲಕ್ಷಕ್ಕೆ ಕೊಡುತ್ತೇನೆ.’ ಆ ಮಾತಿಗಾಗಿ ಒಬ್ಬೊಬ್ಬರಿಂದ 80 ಸಾವಿರ ಪಡೆಯುತ್ತೀರಿ. ಬಂದದ್ದು 1 ಲಕ್ಷ 60 ಸಾವಿರ, ಕೊಟ್ಟದ್ದು ಒಂದೂವರೆ ಲಕ್ಷ. ಕೈಯಲ್ಲಿ 10 ಸಾವಿರ ಉಳಿಯಿತು.

ಸೈಟಿನ ಬೆಲೆ 36 ಲಕ್ಷಕ್ಕೆ ಇಳಿದರೆ 39 ಕೊಟ್ಟು ಕೊಳ್ಳಲು ಯಾರೂ ಬರುವುದಿಲ್ಲ. ನೀವೂ 37 ಕೊಟ್ಟು ಕೊಳ್ಳುವುದಿಲ್ಲ. 10 ಸಾವಿರ ನಿಮ್ಮದು. ಬೆಲೆ ಸರಿಯಾಗಿ 39 ಲಕ್ಷಕ್ಕೆ ಬಂದು ನಿಂತರೆ ಇನ್ನೂ ಒಳ್ಳೆಯದು. 37ಕ್ಕೆ ಕೊಂಡು 39ಕ್ಕೆ ಮಾರಿ 2 ಲಕ್ಷ ಮಾಡಿಕೊಳ್ಳುತ್ತೀರಿ.

ಬೆಲೆ 45 ಲಕ್ಷ ಆದರೆ? ಇಬ್ಬರೂ ಬಂದು ಬಾಗಿಲು ತಟ್ಟುತ್ತಾರೆ. ಮೊದಲನೆಯವರಿಗೆ ತೊಂದರೆ ಇಲ್ಲ. 37ಕ್ಕೆ ಕೊಳ್ಳುವ ನಿಮ್ಮ ಹಕ್ಕನ್ನು ಬಳಸಿ 39ಕ್ಕೆ ಕೊಡುತ್ತೀರಿ. ಎರಡನೆಯವರಿಗೆ ಕೊಡಲು ನಿಮ್ಮ ಹತ್ತಿರ ಏನೂ ಇಲ್ಲ. ಮಾರ್ಕೆಟ್ಟಿನಲ್ಲಿ 45 ಲಕ್ಷ ಕೊಟ್ಟು ಕೊಂಡು 39ಕ್ಕೆ ಕೊಡಬೇಕು. ಅಲ್ಲಿ 6 ಲಕ್ಷ ಹೋಯಿತು. ಮೊದಲನೆಯದರ 2 ಲಕ್ಷ ಮತ್ತು ಆ 10 ಸಾವಿರ ಕಳೆದರೂ 3 ಲಕ್ಷ 90 ಸಾವಿರ ನಷ್ಟ. ಬೆಲೆ 60 ಆದರೆ, 80 ಆದರೆ, ನಷ್ಟವೂ ಅಷ್ಟೇ ಏರುತ್ತಾ ಹೋಗುತ್ತದೆ.

ರೇಷಿಯೋ ಸ್ಪ್ರೆಡ್ ಅಂದರೆ ಇದೇ. ಕೆಳಗಿನ ಸ್ಟ್ರೈಕಿನ ಒಂದು ಕಾಲ್ ಕೊಳ್ಳುವುದು, ಮೇಲಿನ ಸ್ಟ್ರೈಕಿನ ಎರಡು ಕಾಲ್ ಮಾರುವುದು. ಒಂದಕ್ಕೆ ಎರಡು ಅನ್ನುವುದೇ ಇಲ್ಲಿಯ ರೇಷಿಯೋ. ಒಂದೊಂದು ಭಾಗವನ್ನು ಟ್ರೇಡರ್‌ಗಳು ಲೆಗ್ ಅನ್ನುತ್ತಾರೆ. ಮಾರಿದ ಎರಡರಲ್ಲಿ ಒಂದಕ್ಕೆ ಕೊಂಡ ಕಾಲ್‌ನ ಬೆಂಬಲ ಇದೆ. ಇನ್ನೊಂದು ಬರಿಗೈಯಲ್ಲಿ ನಿಂತಿದೆ. ಅದಕ್ಕೇ ಅದನ್ನು ನೇಕೆಡ್ ಅನ್ನುತ್ತಾರೆ.

2009ರ ಮೇ 18ರ ಸೋಮವಾರ

ಭಾರತದ ಮಾರ್ಕೆಟ್ಟಿನಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. 2009ರ ಲೋಕಸಭಾ ಚುನಾವಣೆಯ ಎಣಿಕೆ ಮೇ 16ರ ಶನಿವಾರ ನಡೆಯಿತು. ಹಿಂದಿನ ದಿನ, ಶುಕ್ರವಾರ, ನಿಫ್ಟಿ 3671.65ರಲ್ಲಿ ಮುಗಿದಿತ್ತು. ಅತಂತ್ರ ಲೋಕಸಭೆ ಬರಬಹುದು ಅನ್ನುವ ಆತಂಕ ಎಲ್ಲರಲ್ಲೂ ಇತ್ತು. ಫಲಿತಾಂಶ ನೋಡಿದರೆ ಆಡಳಿತದಲ್ಲಿದ್ದ ಯುಪಿಎ ಎಣಿಸಿದ್ದಕ್ಕಿಂತ ತುಂಬಾ ಜಾಸ್ತಿ ಸೀಟು ಗೆದ್ದಿತ್ತು.

ಶುಕ್ರವಾರ ಸಂಜೆ ಒಬ್ಬರು ಮೇ 28ರ ಎಕ್ಸ್‌ಪೈರಿಗೆ ರೇಷಿಯೋ ಸ್ಪ್ರೆಡ್ ಹಾಕಿದ್ದರು ಅಂದುಕೊಳ್ಳಿ. ನಿಫ್ಟಿಯ ಮಟ್ಟಗಳು ನಿಜವಾದವು. ಪ್ರೀಮಿಯಂಗಳನ್ನು ಮಾತ್ರ ಅಂದಿನಂಥ ಆತಂಕದ ವಾತಾವರಣಕ್ಕೆ ಹೊಂದುವಂತೆ ನಾನು ಲೆಕ್ಕ ಹಾಕಿ ಇಟ್ಟಿದ್ದೇನೆ. 3700ರ ಒಂದು ಕಾಲನ್ನು 150ಕ್ಕೆ ಕೊಂಡರು. 3900ರ ಎರಡು ಕಾಲ್‌ಗಳನ್ನು ತಲಾ 80ಕ್ಕೆ ಮಾರಿದರು. ಹತ್ತು ಪಾಯಿಂಟ್ ಉಳಿಯಿತು. ಆಪ್ಷನ್‌ಗಳನ್ನು ಬಿಡಿಯಾಗಿ ಅಲ್ಲ, ಲಾಟ್ ಅನ್ನುವ ಗೊತ್ತಾದ ಸಂಖ್ಯೆಯ ಕಟ್ಟಾಗಿಯೇ ಕೊಳ್ಳಬೇಕು, ಮಾರಬೇಕು. ಆಗ ನಿಫ್ಟಿಯ ಲಾಟ್ 50. ಅಂದರೆ 500 ರೂಪಾಯಿ ಕ್ರೆಡಿಟ್.

ಎಕ್ಸ್‌ಪೈರಿ ದಿನದ ಲೆಕ್ಕ ಹೀಗೆ. ನಿಫ್ಟಿ 3700ರ ಕೆಳಗೆ ಎಲ್ಲೇ ಇದ್ದರೂ 500 ರೂಪಾಯಿ ಲಾಭ. 3900ಕ್ಕೆ ಸರಿಯಾಗಿ ನಿಂತರೆ ಕೊಂಡ ಕಾಲ್ 200 ಪಾಯಿಂಟ್ ಕೊಡುತ್ತದೆ, ಮಾರಿದ ಎರಡೂ ಸೊನ್ನೆಯಾಗುತ್ತವೆ. ಒಟ್ಟು 210 ಪಾಯಿಂಟ್, ಅಂದರೆ 10,500 ರೂಪಾಯಿ. ಇದೇ ಗರಿಷ್ಠ ಲಾಭ. ಅಲ್ಲಿಂದ ಮೇಲೆ ಲಾಭ ಕರಗುತ್ತಾ ಹೋಗಿ 4110ಕ್ಕೆ ಸೊನ್ನೆಯಾಗುತ್ತದೆ. ಅದು ಶುಕ್ರವಾರದ ಮಟ್ಟಕ್ಕಿಂತ ಸುಮಾರು 12% ಮೇಲೆ. ಎರಡು ವಾರದಲ್ಲಿ 12% ಏರುವುದುಂಟೇ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ?

ಸೋಮವಾರ ಬೆಳಿಗ್ಗೆ ಮಾರ್ಕೆಟ್ ತೆರೆದು ಒಂದು ನಿಮಿಷ ಕೂಡ ಆಗಿರಲಿಲ್ಲ. ಸೂಚ್ಯಂಕ ಸರ್ಕ್ಯೂಟ್ ಅನ್ನುವ ಮೇಲಿನ ಮಿತಿಯನ್ನು ಮುಟ್ಟಿತು, ವಹಿವಾಟು ನಿಂತುಹೋಯಿತು. ಎರಡು ಗಂಟೆ ಬಿಟ್ಟು ಮತ್ತೆ ತೆರೆದರು. ಮತ್ತೆ ಕ್ಷಣದಲ್ಲೇ ಮೇಲಿನ ಮಿತಿ ಮುಟ್ಟಿ ಅಂದಿನ ಮಟ್ಟಿಗೆ ಬಾಗಿಲು ಹಾಕಿತು. ನಿಫ್ಟಿ 4323.15ರಲ್ಲಿ ಮುಗಿಯಿತು. ಒಂದೇ ದಿನಕ್ಕೆ 651.50 ಪಾಯಿಂಟ್, ಅಂದರೆ 17.74% ಏರಿಕೆ.

ಈಗ ಲೆಕ್ಕ ಹಾಕಿ. 4323.15ರಲ್ಲಿ 3700ರ ಕಾಲ್ 623.15 ಪಾಯಿಂಟ್ ಬೆಲೆ ಬಾಳುತ್ತದೆ. 3900ರ ಕಾಲ್ ಒಂದೊಂದೂ 423.15, ಎರಡು ಸೇರಿ 846.30. ವ್ಯತ್ಯಾಸದಿಂದ ಆ ಹತ್ತು ಪಾಯಿಂಟ್ ಕ್ರೆಡಿಟ್ ಕಳೆದರೆ 213.15 ಪಾಯಿಂಟ್ ನಷ್ಟ. ಒಂದು ಲಾಟಿಗೆ 10,650 ರೂಪಾಯಿಗೂ ಸ್ವಲ್ಪ ಜಾಸ್ತಿ. ಎಕ್ಸ್‌ಪೈರಿಗೆ ಇನ್ನೂ ಹತ್ತು ದಿನ ಇದ್ದುದರಿಂದ ಕಾಲ್‌ಗಳಲ್ಲಿ ಬಾಕಿ ದಿನಗಳಿಗಾಗಿ ಸೇರುವ ಬೆಲೆ, ಅಂದರೆ ಕಾಲದ ಬೆಲೆಯೂ ಉಳಿದಿರುತ್ತದೆ. ಹಾಗಾಗಿ ಅಂದು ಪರದೆಯ ಮೇಲೆ ಕಾಣುವ ನಷ್ಟ ಇದಕ್ಕಿಂತ ದೊಡ್ಡದೇ ಆಗಿರುತ್ತದೆ. ಅಲ್ಲಿಂದ ಮುಂದೆ ನಿಫ್ಟಿ ಏರುವ ಪ್ರತಿ ನೂರು ಪಾಯಿಂಟಿಗೆ ಇನ್ನೂ 5,000 ರೂಪಾಯಿ.

500 ರೂಪಾಯಿ ಕ್ರೆಡಿಟ್ಟಿಗೆ ಯಾರೂ ಒಂದೇ ಲಾಟ್ ಹಾಕಿ ಸುಮ್ನೆ ಕೂರುವುದಿಲ್ಲ. ಹತ್ತು, ಇಪ್ಪತ್ತು ಲಾಟ್ ಹಾಕುತ್ತಾರೆ. ಇಪ್ಪತ್ತು ಲಾಟ್ ಹಾಕಿದ್ದರೆ ಹತ್ತು ಸಾವಿರ ಬರಲೆಂದು ಹೋಗಿ ಎರಡು ಲಕ್ಷಕ್ಕೂ ಜಾಸ್ತಿ ಕಳೆದುಕೊಂಡ ಹಾಗೆ.

ಒಂದಕ್ಕೆ ಮೂರು ಮಾರುವವರೂ ಇದ್ದಾರೆ. ಮೇಲಿನ ಉದಾಹರಣೆಯಲ್ಲೇ ಮೂರು ಕಾಲ್ ಮಾರಿದ್ದರೆ ಕ್ರೆಡಿಟ್ 90 ಪಾಯಿಂಟ್ ಆಗುತ್ತಿತ್ತು. ನೋಡಲು ಚೆನ್ನಾಗಿದೆ. ಆದರೆ ಬರಿಗೈಯಲ್ಲಿ ನಿಂತ ಕಾಲ್‌ಗಳು ಈಗ ಎರಡು. ನಷ್ಟ 4045ರಿಂದಲೇ ಶುರು, ಇಳಿಜಾರೂ ಎರಡು ಪಟ್ಟು ಕಡಿದು. 4323.15ರಲ್ಲಿ ಒಂದು ಲಾಟಿಗೆ ಸುಮಾರು 27,800 ರೂಪಾಯಿ ಹೋಗುತ್ತಿತ್ತು.

ಸ್ಟಾಪ್‌ಲಾಸ್ ಹಾಕಿದ್ದರೆ?

4000 ದಾಟಿದರೆ ಹೊರಗೆ ಬರುತ್ತೇನೆ ಅಂತ ಮೊದಲೇ ನಿರ್ಧರಿಸಿದ್ದರೂ ಅಂದು ಉಪಯೋಗ ಇರಲಿಲ್ಲ. ಸ್ಟಾಪ್‌ಲಾಸ್ ಅಂದರೆ ಒಂದು ಬೆಲೆ ಮುಟ್ಟಿದಾಗ ಆರ್ಡರ್ ಹೋಗಲಿ ಅನ್ನುವ ಸೂಚನೆ, ಅಷ್ಟೇ. ಆ ಬೆಲೆಗೇ ವ್ಯವಹಾರ ಆಗುತ್ತದೆ ಅನ್ನುವ ಭರವಸೆ ಅದರಲ್ಲಿ ಇಲ್ಲ. ಶುಕ್ರವಾರ 3671ರಲ್ಲಿದ್ದ ನಿಫ್ಟಿ ಸೋಮವಾರ ಮೆಟ್ಟಿಲು ಮೆಟ್ಟಿಲಾಗಿ ಏರಲಿಲ್ಲ, ಜಿಗಿಯಿತು. ನಡುವಿನ ಬೆಲೆಗಳಲ್ಲಿ ನಿಂತು ಕಾಲ್ ವಾಪಸ್ ಕೊಳ್ಳಲು ಸಮಯವೇ ಇರಲಿಲ್ಲ. ಮೇಲಾಗಿ ವಹಿವಾಟೇ ನಿಂತಿತ್ತು. ಮಾರಿದ ಕಾಲನ್ನು ಮುಚ್ಚಬೇಕಾದರೆ ಇನ್ನೊಬ್ಬರು ಅದನ್ನು ನಮಗೆ ಮಾರಬೇಕು. ಎಲ್ಲರೂ ಕೊಳ್ಳಲು ಓಡುತ್ತಿರುವಾಗ ಮಾರುವವರು ಯಾರು?

ಚುನಾವಣೆ, ಬಜೆಟ್, ಕಂಪನಿಗಳ ತ್ರೈಮಾಸಿಕ ಫಲಿತಾಂಶ: ಇಂಥ ದಿನಗಳಿಗೆ ಮುಂಚೆ ಪ್ರೀಮಿಯಂಗಳು ಉಬ್ಬಿರುತ್ತವೆ. ಹಾಗಾಗಿ ರೇಷಿಯೋ ಸ್ಪ್ರೆಡ್‌ನಲ್ಲಿ ಕ್ರೆಡಿಟ್ ಸುಲಭವಾಗಿ ಸಿಗುತ್ತದೆ. ಆದರೆ ಪ್ರೀಮಿಯಂ ಉಬ್ಬಿರುವ ಕಾರಣವೇ ದೊಡ್ಡ ಜಿಗಿತದ ಸಾಧ್ಯತೆ. ಸುಲಭವಾಗಿ ಸಿಕ್ಕ ಆ ಹಣ ನಿಜವಾಗಿ ಆ ಅಪಾಯವನ್ನು ಹೊತ್ತುಕೊಂಡದ್ದಕ್ಕೆ ಸಿಕ್ಕ ಕೂಲಿ.

ಚಿತ್ರದಲ್ಲಿ ಕಾಣದ ನಷ್ಟ

ಆ್ಯಪ್ ತೋರಿಸುವ ಲಾಭ-ನಷ್ಟದ ಗೆರೆ ಸಾಮಾನ್ಯವಾಗಿ ಎಕ್ಸ್‌ಪೈರಿ ದಿನದ್ದು. ಅದರಲ್ಲಿ 3900ರ ಜಾಗದಲ್ಲಿ ಒಂದು ಎತ್ತರದ ಶಿಖರ ಕಾಣುತ್ತದೆ. ಅಲ್ಲಿಗೆ ಮುಟ್ಟಿದರೆ ಸಾಕು ಅನಿಸುತ್ತದೆ. ಆದರೆ ಬೇಗ ಮುಟ್ಟಿದರೆ ಆ ಲಾಭ ಇರುವುದಿಲ್ಲ.

ನಿಫ್ಟಿ ಸೋಮವಾರವೇ 3900ಕ್ಕೆ ಬಂದು ನಿಂತಿದ್ದರೆ ಏನಾಗುತ್ತಿತ್ತು ನೋಡಿ. ಹತ್ತು ದಿನ ಬಾಕಿ ಇರುವಾಗ, ಅಷ್ಟೇ ಏರಿಳಿತದ ನಿರೀಕ್ಷೆ ಇದ್ದರೆ, 3700ರ ಕಾಲ್ ಸುಮಾರು 270ರ ಆಸುಪಾಸಿನಲ್ಲಿ ಇರುತ್ತದೆ. 3900ರ ಕಾಲ್ ಒಂದೊಂದೂ ಸುಮಾರು 155. ಎರಡು ಸೇರಿ 310. ನಲವತ್ತು ಪಾಯಿಂಟ್ ಕೊರತೆ. ಹತ್ತು ಕ್ರೆಡಿಟ್ ಸೇರಿಸಿದರೂ ಮೂವತ್ತು ಪಾಯಿಂಟ್ ನಷ್ಟ. ಗರಿಷ್ಠ ಲಾಭದ ಜಾಗದಲ್ಲೇ ನಿಂತು 1,500 ರೂಪಾಯಿ ಕೆಂಪು ಅಂಕಿ ನೋಡಬೇಕಾಗುತ್ತದೆ.

ಕಾರಣ ಹೀಗಿದೆ. ಆಪ್ಷನ್‌ನಲ್ಲಿ ಕಾಲದ ಬೆಲೆ ಅತಿ ಹೆಚ್ಚು ಇರುವುದು ಮಾರ್ಕೆಟ್ ಆ ಸ್ಟ್ರೈಕಿನ ಹತ್ತಿರ ನಿಂತಾಗ. ಅಂಥ ಕಾಲ್‌ಗಳನ್ನು ನಾವು ಎರಡು ಮಾರಿದ್ದೇವೆ. ಅವುಗಳ ಕಾಲದ ಬೆಲೆ ಕರಗುವ ತನಕ ಲಾಭ ನಮ್ಮ ಕೈಗೆ ಬರುವುದಿಲ್ಲ. ದಿನಗಳು ಕಳೆಯಬೇಕು, ಮಾರ್ಕೆಟ್ ಅಲ್ಲೇ ಆಸುಪಾಸಿನಲ್ಲಿ ಇರಬೇಕು. ಎರಡೂ ಆಗಬೇಕು.

ಚಿತ್ರದ ಇನ್ನೊಂದು ತೊಂದರೆ ಅದರ ಅಂಚು. ಗೆರೆ ಬಲಕ್ಕೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಈಗಿನ ಮಟ್ಟದಿಂದ ಹತ್ತು ಶೇಕಡಾ ಮಾತ್ರ ತೋರಿಸಿದರೆ ನಮ್ಮ ಉದಾಹರಣೆಯಲ್ಲಿ ನಷ್ಟದ ಭಾಗವೇ ಕಾಣುವುದಿಲ್ಲ, ಏಕೆಂದರೆ ನಷ್ಟ ಶುರುವಾಗುವುದು 12%ಕ್ಕೆ. ಗೆಲ್ಲುವ ಸಾಧ್ಯತೆ ಇಷ್ಟು ಶೇಕಡಾ ಅಂತ ಪಕ್ಕದಲ್ಲಿ ಬರುವ ಅಂಕಿಯೂ ಹೀಗೆಯೇ. ಎಷ್ಟು ಸಲ ಗೆಲ್ಲಬಹುದು ಅನ್ನುವುದನ್ನು ಅದು ಹೇಳುತ್ತದೆ. ಸೋತಾಗ ಎಷ್ಟು ಹೋಗುತ್ತದೆ ಅನ್ನುವುದನ್ನು ಹೇಳುವುದಿಲ್ಲ.

ಮಾರ್ಜಿನ್ ಅಂದರೆ ನಷ್ಟದ ಮಿತಿ ಅಲ್ಲ

ಕೈಯಿಂದ ದುಡ್ಡು ಹಾಕಬೇಕಾಗಿಲ್ಲ ಅಂದೆನಲ್ಲ, ಅದು ಪ್ರೀಮಿಯಂ ಮಟ್ಟಿಗೆ ಮಾತ್ರ ನಿಜ. ಆಪ್ಷನ್ ಮಾರುವವರು ಮಾರ್ಜಿನ್, ಅಂದರೆ ಭದ್ರತೆಯ ಹಣ, ಇಡಬೇಕು. ಬೆಂಬಲ ಇರುವ ಲೆಗ್ಗಿಗೆ ಅದು ಕಡಿಮೆ. ಬರಿಗೈಯಲ್ಲಿ ನಿಂತ ಲೆಗ್ಗಿಗೆ ಬಹುತೇಕ ಪೂರ್ತಿ ಮಾರ್ಜಿನ್ ಬೇಕು. ಒಂದು ಕೊಂಡು ಒಂದನ್ನೇ ಮಾರುವ ಸಾಮಾನ್ಯ ಸ್ಪ್ರೆಡ್‌ಗೆ ಹೋಲಿಸಿದರೆ ರೇಷಿಯೋ ಸ್ಪ್ರೆಡ್‌ಗೆ ಮಾರ್ಜಿನ್ ತುಂಬಾ ಜಾಸ್ತಿ ಕೇಳುವುದು ಇದಕ್ಕೇ. ಆರ್ಡರ್ ಹಾಕುವ ಮುಂಚೆ ಆ ಅಂಕಿ ದೊಡ್ಡದಾಗಿ ಕಂಡರೆ, ಅದೇ ಮೊದಲ ಸುಳಿವು.

ಮಾರ್ಜಿನ್ ಇಟ್ಟಿದ್ದೇನೆ, ಹೋದರೆ ಅಷ್ಟೇ ಹೋಗುತ್ತದೆ ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಬೆಲೆ ಇಷ್ಟು ಏರಿದರೆ, ಇಷ್ಟು ಇಳಿದರೆ ಅಂತ ಕೆಲವು ಸಂದರ್ಭಗಳನ್ನು ಊಹಿಸಿ ಎಕ್ಸ್‌ಚೇಂಜ್ ಆ ಮೊತ್ತವನ್ನು ನಿಗದಿ ಮಾಡುತ್ತದೆ. ಮಾರ್ಕೆಟ್ ಆ ಊಹೆಯನ್ನು ಮೀರಿ ಜಿಗಿದರೆ ಉಳಿದ ಹಣವನ್ನೂ ನಾವೇ ಕೊಡಬೇಕು. ಏರಿಳಿತ ಹೆಚ್ಚಾದಾಗ ಮಾರ್ಜಿನ್ ಕೂಡ ಹೆಚ್ಚುತ್ತದೆ. ನಷ್ಟವೂ ಬೆಳೆಯುತ್ತಿರುತ್ತದೆ, ಇನ್ನಷ್ಟು ಹಣ ತುಂಬಿ ಅಂತ ಬ್ರೋಕರ್‌ನಿಂದ ಸಂದೇಶವೂ ಬರುತ್ತದೆ. ತುಂಬದಿದ್ದರೆ ಆ ಕೆಟ್ಟ ಬೆಲೆಗೇ ಪೊಸಿಷನ್ ಮುಚ್ಚುತ್ತಾರೆ. ಸೂಚ್ಯಂಕದ ಆಪ್ಷನ್ ಮಾರಿದವರಿಗೆ ಎಕ್ಸ್‌ಪೈರಿ ದಿನ 2% ಹೆಚ್ಚುವರಿ ಮಾರ್ಜಿನ್ ಬೇಕು ಅನ್ನುವ ಸೆಬಿ ನಿಯಮ 2024ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕೊನೆಯ ದಿನದ ತನಕ ಕಾಯುವ ಲೆಕ್ಕ ಇದ್ದರೆ ಅದಕ್ಕೂ ಹಣ ಇಟ್ಟಿರಬೇಕು.

ಕಂಪನಿ ಷೇರುಗಳ ಆಪ್ಷನ್ ಆದರೆ ಇನ್ನೊಂದು ಗಂಟು ಇದೆ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರುಗಳ ಆಪ್ಷನ್‌ಗಳೂ ನಿಜವಾದ ಷೇರಿನ ರೂಪದಲ್ಲೇ ಚುಕ್ತಾ ಆಗುತ್ತವೆ. ಎಕ್ಸ್‌ಪೈರಿ ದಿನ ಬೆಲೆ ಸ್ಟ್ರೈಕಿಗಿಂತ ಮೇಲಿದ್ದರೆ, ಬೆಂಬಲ ಇಲ್ಲದ ಆ ಕಾಲ್‌ಗಾಗಿ ಒಂದು ಲಾಟ್ ಷೇರು ಕೊಡಬೇಕು. ಡಿಮ್ಯಾಟ್‌ನಲ್ಲಿ ಷೇರು ಇಲ್ಲದಿದ್ದರೆ ಅದನ್ನು ಹರಾಜಿನಲ್ಲಿ ಕೊಂಡು ಕೊಡುತ್ತಾರೆ, ಖರ್ಚು ನಮ್ಮ ತಲೆಗೆ. ಅಷ್ಟು ಷೇರು ಮೊದಲೇ ನಮ್ಮ ಹತ್ತಿರ ಇದ್ದರೆ ವಿಷಯ ಬೇರೆ. ಆಗ ಆ ಲೆಗ್ ಬರಿಗೈಯಲ್ಲಿ ಇಲ್ಲ.

ಪುಟ್ ಕಡೆ

ಪುಟ್ ಅಂದರೆ ಗೊತ್ತಾದ ಬೆಲೆಗೆ ಮಾರುವ ಹಕ್ಕು. ಒಂದು ಪುಟ್ ಕೊಂಡು ಕೆಳಗಿನ ಸ್ಟ್ರೈಕಿನ ಎರಡು ಪುಟ್ ಮಾರಿದರೆ ಅದೂ ರೇಷಿಯೋ ಸ್ಪ್ರೆಡ್. ಇಲ್ಲಿ ಅಪಾಯ ಬೀಳುವಾಗ. ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲವಾದ್ದರಿಂದ ನಷ್ಟಕ್ಕೆ ಲೆಕ್ಕದಲ್ಲಿ ಒಂದು ಕೊನೆ ಇದೆ. ಆದರೆ ಮಾರ್ಕೆಟ್ ಬೀಳುವುದು ಸಾಮಾನ್ಯವಾಗಿ ಏರುವುದಕ್ಕಿಂತ ವೇಗವಾಗಿ. 2024ರ ಜೂನ್ 3ರಂದು ಎಕ್ಸಿಟ್ ಪೋಲ್ ನಂಬಿ ನಿಫ್ಟಿ 23,263.90ಕ್ಕೆ ಏರಿತ್ತು. ಮರುದಿನ ಎಣಿಕೆ ನಡೆಯುತ್ತಿದ್ದಂತೆ 1,379 ಪಾಯಿಂಟ್ ಬಿದ್ದು 21,884.50ರಲ್ಲಿ ಮುಗಿಯಿತು.

ಮೂರನೆಯದನ್ನು ಕೊಂಡರೆ

ಬರಿಗೈಯ ಲೆಗ್ಗಿಗೆ ಬೆಂಬಲ ಕೊಡುವುದು ಕಷ್ಟವಲ್ಲ. ಇನ್ನೂ ಮೇಲಿನ ಸ್ಟ್ರೈಕಿನ ಒಂದು ಕಾಲ್ ಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ 4100ರ ಕಾಲನ್ನು 38ಕ್ಕೆ ಕೊಂಡರು ಅಂದುಕೊಳ್ಳಿ. ಹತ್ತು ಪಾಯಿಂಟ್ ಕ್ರೆಡಿಟ್ ಹೋಗಿ 28 ಪಾಯಿಂಟ್ ಖರ್ಚಾಗುತ್ತದೆ. ಈಗ ಕೊಂಡದ್ದು ಎರಡು, ಮಾರಿದ್ದು ಎರಡು. ಇದನ್ನು ಬಟರ್‌ಫ್ಲೈ ಅನ್ನುತ್ತಾರೆ.

ನಿಫ್ಟಿ 4323.15ಕ್ಕೆ ಹೋದಾಗ 4100ರ ಕಾಲ್ 223.15 ಕೊಡುತ್ತದೆ. 623.15ಕ್ಕೆ ಅದನ್ನು ಸೇರಿಸಿದರೆ 846.30. ಮಾರಿದ್ದಕ್ಕೆ ಕೊಡಬೇಕಾದದ್ದೂ ಅಷ್ಟೇ. ಎಕ್ಸ್‌ಪೈರಿಯಲ್ಲಿ ಹೋಗುವುದು ಆ 28 ಪಾಯಿಂಟ್ ಮಾತ್ರ, ಅಂದರೆ 1,400 ರೂಪಾಯಿ. ನಿಫ್ಟಿ ಐದು ಸಾವಿರಕ್ಕೆ ಹೋದರೂ ಅಷ್ಟೇ. ಬದಲಿಗೆ ಗರಿಷ್ಠ ಲಾಭ 10,500ರಿಂದ 8,600ಕ್ಕೆ ಇಳಿಯುತ್ತದೆ. ಮಾರ್ಕೆಟ್ ಬಿದ್ದರೆ 500 ಲಾಭದ ಬದಲು 1,400 ನಷ್ಟ. ಈ ವಿನಿಮಯ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ದುಡ್ಡು ಉಳಿಸಲು ದೂರದ 4300ರ ಕಾಲನ್ನು 16ಕ್ಕೆ ಕೊಳ್ಳಬಹುದು. ಆಗ ಖರ್ಚು ಬರೀ 6 ಪಾಯಿಂಟ್. ಆದರೆ ಮೇಲೆ 206 ಪಾಯಿಂಟ್ ತನಕ, ಅಂದರೆ 10,300 ರೂಪಾಯಿ ತನಕ ನಷ್ಟ ಆಗಬಹುದು. ಮಿತಿ ಇದೆ, ಆದರೆ ಮಿತಿಯೇ ದೊಡ್ಡದು.

ನಿಮ್ಮ ಪೊಸಿಷನ್‌ನಲ್ಲಿ ಹೇಗೆ ಪತ್ತೆ ಹಚ್ಚುವುದು

ಚಿತ್ರ ಬಿಟ್ಟು ಎಣಿಸಿ. ಕಾಲ್‌ಗಳನ್ನೇ ಬೇರೆ, ಪುಟ್‌ಗಳನ್ನೇ ಬೇರೆ. ಒಂದೇ ಎಕ್ಸ್‌ಪೈರಿಯಲ್ಲಿ ಕೊಂಡ ಕಾಲ್‌ಗಳು ಎಷ್ಟು, ಮಾರಿದವು ಎಷ್ಟು? ಮಾರಿದ್ದು ಜಾಸ್ತಿ ಇದ್ದರೆ, ಆ ಹೆಚ್ಚಿನಷ್ಟು ಲಾಟ್‌ಗಳು ಬರಿಗೈಯಲ್ಲಿವೆ. ಎಲ್ಲಕ್ಕಿಂತ ಮೇಲಿನ ಸ್ಟ್ರೈಕ್ ದಾಟಿದ ಮೇಲೆ ಪ್ರತಿ ಪಾಯಿಂಟಿಗೆ ಎಷ್ಟು ಹೋಗುತ್ತದೆ ಅನ್ನುವುದನ್ನು ಆ ಸಂಖ್ಯೆಯೇ ಹೇಳುತ್ತದೆ. ಆರು ಲೆಗ್ ಇರುವ ಗೋಜಲಿನ ಸ್ಟ್ರಾಟೆಜಿಗೂ ಈ ಎಣಿಕೆ ನಡೆಯುತ್ತದೆ. ಪುಟ್‌ಗಳನ್ನು ಕಾಲ್‌ಗಳ ಜೊತೆ ಸೇರಿಸಿ ಎಣಿಸಬೇಡಿ. ಮಾರ್ಕೆಟ್ ಏರುವಾಗ ಕೊಂಡ ಪುಟ್ ಯಾವ ಸಹಾಯಕ್ಕೂ ಬರುವುದಿಲ್ಲ.

ಎಕ್ಸ್‌ಪೈರಿ ಒಂದೇ ಇರಬೇಕು ಅಂದದ್ದಕ್ಕೆ ಕಾರಣ ಇದೆ. ಈ ವಾರದ ಕಾಲ್ ಕೊಂಡು ತಿಂಗಳ ಕೊನೆಯ ಕಾಲ್ ಮಾರಿದ್ದರೆ, ವಾರ ಮುಗಿದಾಗ ಕೊಂಡದ್ದು ಇಲ್ಲವಾಗುತ್ತದೆ, ಮಾರಿದ್ದು ಉಳಿಯುತ್ತದೆ.

ಎಣಿಕೆ ತಪ್ಪುವ ಇನ್ನೊಂದು ಜಾಗ ಹೊರಬರುವಾಗ. ಮಾರ್ಕೆಟ್ ಏರುತ್ತಿದ್ದಂತೆ ಕೊಂಡ ಕಾಲ್ ಹಸಿರಾಗಿರುತ್ತದೆ, ಮಾರಿದವು ಕೆಂಪಾಗಿರುತ್ತವೆ. ಹಸಿರನ್ನು ಮೊದಲು ಮಾರಿ ಲಾಭ ಕಟ್ಟಿಕೊಂಡು, ಕೆಂಪು ಇಳಿಯಲಿ ಅಂತ ಕಾಯುವ ಆಸೆ ಸಹಜ. ಹಾಗೆ ಮಾಡಿದ ಕ್ಷಣಕ್ಕೆ ಒಂದಿದ್ದ ಬರಿಗೈಯ ಕಾಲ್ ಎರಡಾಗುತ್ತದೆ. ಮಾರ್ಜಿನ್ ಕೂಡ ತಕ್ಷಣ ಏರುತ್ತದೆ. ಆದ್ದರಿಂದ ಮುಚ್ಚುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಬೇಕು, ಆಮೇಲೆ ಕೊಂಡದ್ದನ್ನು ಮಾರಬೇಕು. ಎರಡರಲ್ಲಿ ಒಂದನ್ನು ಮಾತ್ರ ವಾಪಸ್ ಕೊಂಡರೂ ಸಾಕು. ಉಳಿಯುವುದು ಒಂದಕ್ಕೊಂದು ಬೆಂಬಲ ಇರುವ ಸಾಮಾನ್ಯ ಸ್ಪ್ರೆಡ್, ಅಲ್ಲಿಂದ ಮೇಲೆ ನಿಫ್ಟಿ ಎಷ್ಟು ಏರಿದರೂ ಎಕ್ಸ್‌ಪೈರಿಯ ಲೆಕ್ಕ ಬದಲಾಗುವುದಿಲ್ಲ.